ಹೆಸರಿಲ್ಲದ ತುಂಡು

ಅಂಗಡಿಗೆ ಹೋಗಿ ಒಂದು ವಸ್ತುವನ್ನು ಕೇಳಬೇಕಾದರೆ ಅದರ ಹೆಸರು ಗೊತ್ತಿರಬೇಕು. ಹೆಸರು ಗೊತ್ತಿಲ್ಲದಿದ್ದರೆ ಆ ವಸ್ತುವನ್ನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ವಸ್ತು ಮುರಿದಿದ್ದರೆ, ಅದೂ ಕೈಯಲ್ಲಿ ಇಲ್ಲದಿದ್ದರೆ, ಹೋದವನು ಬರಿಗೈಯಲ್ಲಿ ವಾಪಸಾಗುತ್ತಾನೆ. ನಮ್ಮ ಮಾವನವರಿಗೆ ಆದದ್ದು ಹೀಗೆಯೇ. ಮಾವ ಎಂದರೆ ನನ್ನ ಅಕ್ಕನ ಗಂಡ. ಅವರದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕು, ಉಮದಿ ಕಡೆಯ ಒಂದು ಹಳ್ಳಿ. ರಾಜ್ಯ ಮಹಾರಾಷ್ಟ್ರವಾದರೂ ಮನೆಯ ಮಾತು ಕನ್ನಡ. ಮಕ್ಕಳು ಓದುವುದೂ ಕನ್ನಡ ಶಾಲೆಯಲ್ಲೇ. ಸರ್ಕಾರಿ ಕಾಗದ ಮಾತ್ರ ಮರಾಠಿಯಲ್ಲಿ ಬರುತ್ತದೆ.

ಮಾವನವರ ಹತ್ತಿರ ಅವರ ತಂದೆಯ ಕಾಲದ ಒಂದು ಬಜಾಜ್ ಚೇತಕ್ ಸ್ಕೂಟರ್ ಇದೆ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಸಂಜೆ ದನಕ್ಕೆ ಹಿಂಡಿ, ಭಾನುವಾರ ದೂರದ ಚರ್ಚಿನ ಪೂಜೆಗೆ ಅಕ್ಕ, ಎಲ್ಲವೂ ಅದರ ಮೇಲೆಯೇ. ಹೋದ ಫೆಬ್ರವರಿಯಲ್ಲಿ ಅದು ಕೈಕೊಟ್ಟಿತು. ಮಾರ್ಚಿನಲ್ಲಿ ಅಕ್ಕನ ಮಗಳ ಹತ್ತನೇ ತರಗತಿ ಪರೀಕ್ಷೆ. ಪರೀಕ್ಷಾ ಕೇಂದ್ರ ಊರಿನಲ್ಲಿರಲಿಲ್ಲ. ಆ ಸಮಯಕ್ಕೆ ಸರಿಯಾದ ಬಸ್ಸೂ ಇರಲಿಲ್ಲ. ಹೊಸ ಗಾಡಿ ಕೊಳ್ಳೋಣವೆಂದರೆ ಆ ವರ್ಷ ದಾಳಿಂಬೆಯ ಹಣ ಸಾಲಕ್ಕೇ ಹೋಗಿತ್ತು. ಹಾಗಾಗಿ ಮಾವನವರು ವಿಜಯಪುರದಲ್ಲಿರುವ ನನಗೆ ಫೋನ್ ಮಾಡಿದರು. ನಾನು ಮೂವತ್ತು ವರ್ಷ ಬಸ್ ಡಿಪೋವಿನ ಸ್ಟೋರಿನಲ್ಲಿ ಬಿಡಿಭಾಗಗಳ ಲೆಕ್ಕ ಬರೆದವನು. ನಟ್ಟು ಬೋಲ್ಟುಗಳ ಹೆಸರು ಕೇಳಬೇಕೆಂದರೆ ಮನೆಯವರಿಗೆ ನಾನೇ ನೆನಪಾಗುವುದು.

"ಏನಪಾ ತಮ್ಮಾ, ನಿನ್ನ ಊರಾಗ ಫುಲೀ ಸಿಗತೈತೇನು?" ಎಂದರು.

"ಎಂಥಾ ಫುಲೀ ಮಾವಾ?"

"ಗೇರಿಂದು. ನಮ್ಮ ಜತ್ತದ ಮೇಸ್ತ್ರಿ ಎಂಜಿನ್ ಬಿಚ್ಚಿ, ಫುಲೀ ಮುರದೈತಿ, ತಗೊಂಡ ಬರ್ರಿ ಅಂತ ಹೇಳ್ಯಾನ. ನಾ ನಿನ್ನೆ ಒಂದ್ ಅಂಗಡಿಗೆ ಹೋಗಿದ್ದೆ. ಅವರು ನನ್ನ ಕೈಯಾಗ ದೊಡ್ಡದೊಂದು ಪುಲ್ಲಿ ಇಟ್ಟರು."

ನನಗೆ ನಗು ಬಂತು, ಆದರೆ ಅಂಗಡಿಯವನ ತಪ್ಪೇನೂ ಇರಲಿಲ್ಲ. ಮರಾಠಿಯಲ್ಲಿ 'ಫುಲೀ' ಎಂದರೆ ಎರಡು ಗೆರೆಗಳನ್ನು ಅಡ್ಡಡ್ಡ ಎಳೆದ ಗುರುತು, ಕೂಡಿಸುವ ಚಿಹ್ನೆಯಂಥದು. ಕನ್ನಡದ ಅಂಗಡಿಯವನ ಕಿವಿಗೆ ಅದು 'ಪುಲ್ಲಿ' ಆಗಿ ಬಿದ್ದಿತು. ಈಗ ಓಡಾಡುವ ಗೇರ್ ಇಲ್ಲದ ಸ್ಕೂಟರುಗಳಲ್ಲಿ ಬೆಲ್ಟು ಓಡಲು ಪುಲ್ಲಿ ಇರುತ್ತದೆ. ದಿನಕ್ಕೆ ನಾಲ್ಕು ಜನ ಅದನ್ನೇ ಕೇಳಿಕೊಂಡು ಬರುತ್ತಾರೆ. ಹಳೆಯ ಚೇತಕ್‌ನಲ್ಲಿ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಎರಡು ಭಾಷೆಗಳ ಗಡಿಯಲ್ಲಿ ಬದುಕುವವರಿಗೆ ಇಂಥ ಫಜೀತಿ ಹೊಸದಲ್ಲ.

ನಾನು ಮಾವನವರಿಗೆ ಒಂದೇ ಮಾತು ಹೇಳಿದೆ: "ಹೆಸರು ಬಿಡ್ರಿ ಮಾವಾ. ಆ ಮುರದ ತುಂಡು ಮೇಸ್ತ್ರಿ ಕಡೆಯಿಂದ ಇಸಕೊಂಡು ಬರ್ರಿ. ಸೀಮೆ ಎಣ್ಣಿಯಾಗ ತೊಳದು, ಬಿಳಿ ಕಾಗದದ ಮ್ಯಾಲ ಇಟ್ಟು, ಬಾಜೂಕ ಮಗಳ ಸ್ಕೇಲ್ ಇಟ್ಟು ಫೋಟೋ ಕಳಸರಿ."

ಸ್ಕೇಲ್ ಏಕೆ ಎಂದು ಓದುಗರು ಕೇಳಬಹುದು. ಫೋಟೋದಲ್ಲಿ ಉಗುರಿನಷ್ಟಿರುವುದೂ ಅಂಗೈಯಷ್ಟಿರುವುದೂ ಒಂದೇ ರೀತಿ ಕಾಣುತ್ತದೆ. ಪಕ್ಕದಲ್ಲಿ ನಾಣ್ಯ ಇಡುವವರಿದ್ದಾರೆ, ಆದರೆ ಒಂದೇ ಬೆಲೆಯ ನಾಣ್ಯ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ಬಂದಿದೆ. ಸ್ಕೇಲಿನ ಗೆರೆಗಳು ಮಾತ್ರ ಬದಲಾಗುವುದಿಲ್ಲ. ಮೇಲಿನಿಂದ ಒಂದು, ಹಿಂಭಾಗದ್ದೊಂದು, ದಪ್ಪ ಕಾಣುವಂತೆ ಅಡ್ಡಲಾಗಿ ಒಂದು, ಹೀಗೆ ಮೂರು ಫೋಟೋ ಬೇಕು. ಅದು ಎಂಜಿನ್ನಿನ ಯಾವ ಜಾಗದಿಂದ ಬಂತು ಎನ್ನುವುದಕ್ಕೆ ಇನ್ನೊಂದು ಫೋಟೋ. ಜೊತೆಗೆ, ಮುರಿಯುವ ಮೊದಲು ಗಾಡಿ ಹೇಗೆ ನಡೆದುಕೊಳ್ಳುತ್ತಿತ್ತು ಎಂಬ ಎರಡು ಮಾತು.

ಆ ಎರಡು ಮಾತನ್ನು ಮಾವ ಹೇಳಿದ್ದು ಹೀಗೆ: "ದಿಬ್ಬ ಏರುವಾಗ ಎರಡನೇ ಗೇರ್ ತಾನೇ ಹಾರತಿತ್ತು. ಮೊದಲು ಭಾಳ ಭಾರ ಇದ್ದಾಗ ಅಷ್ಟೇ, ಆಮ್ಯಾಲ ಒಬ್ಬನೇ ಕುಂತಾಗೂ ಹಾರಾಕ ಹತ್ತಿತು. ಒಂದ್ ದಿನ 'ಕಟ್' ಅಂತ ಸಪ್ಪಳಾತು, ಆಮ್ಯಾಲ ಯಾವ ಗೇರೂ ಸರಿಯಾಗಿ ಬೀಳಲಿಲ್ಲ."

ಫೋಟೋ ಬಂತು. ನಾಲ್ಕು ಕೈಗಳ ಒಂದು ಉಕ್ಕಿನ ಶಿಲುಬೆ. ನಡುವೆ ಒಂದು ತೂತು. ನಾಲ್ಕು ಕೈಗಳಲ್ಲಿ ಒಂದರ ತುದಿ ಇಲ್ಲ. ಆ ಮುರಿದ ತುದಿಯೂ ಪಕ್ಕದಲ್ಲೇ ಇತ್ತು. ಮೇಸ್ತ್ರಿ ಹೇಳಿದ 'ಫುಲೀ' ಸರಿಯಾಗಿಯೇ ಇತ್ತು. ಅಂಗಡಿಯವರಿಗೆ ಇದರ ಹೆಸರು 'ಗೇರ್ ಕ್ರಾಸ್'. ಈ ಎಂಜಿನ್ನಿನ ಮೂಲ ಇಟಲಿ ದೇಶದ ವೆಸ್ಪಾ ಸ್ಕೂಟರ್. ಅಲ್ಲಿಯವರು ಇದನ್ನು 'ಕ್ರೋಚೇರಾ' ಎನ್ನುತ್ತಾರೆ. ಶಿಲುಬೆಗೆ ಇಟಾಲಿಯನ್ ಭಾಷೆಯಲ್ಲಿ 'ಕ್ರೋಚೆ'. ಮರಾಠಿಯ ಫುಲೀ, ಅಂಗಡಿಯ ಕ್ರಾಸ್, ಇಟಲಿಯ ಕ್ರೋಚೇರಾ, ಮೂರೂ ಆ ಆಕಾರವನ್ನೇ ಹೇಳುತ್ತವೆ. ಅಕ್ಕ ಫೋಟೋ ನೋಡಿ, "ಇಷ್ಟ ವರ್ಷ ನಮ್ಮ ಗಾಡಿ ಹೊಟ್ಯಾಗ ಶಿಲುಬಿ ಇತ್ತು, ನಮಗ ಗೊತ್ತ ಇರಲಿಲ್ಲ ನೋಡು" ಎಂದಳಂತೆ.

ಈ ಶಿಲುಬೆ ಮಾಡುವ ಕೆಲಸವನ್ನು ಸ್ವಲ್ಪ ಹೇಳುತ್ತೇನೆ. ಅದು ತಿಳಿದರೆ ಮುರಿದದ್ದು ಏಕೆ ಎನ್ನುವುದೂ ತಿಳಿಯುತ್ತದೆ. ಹಳೆಯ ಚೇತಕ್‌ನಲ್ಲಿ ಎಡಗೈ ಹಿಡಿಯನ್ನು ತಿರುಗಿಸಿ ಗೇರ್ ಹಾಕುತ್ತೇವೆ. ಹಿಡಿಯಿಂದ ಎರಡು ತಂತಿ ಕೆಳಗೆ ಎಂಜಿನ್ನಿನವರೆಗೆ ಹೋಗುತ್ತವೆ. ಒಂದು ಎಳೆದಾಗ ಇನ್ನೊಂದು ಸಡಿಲ ಬಿಡುತ್ತದೆ. ಎಂಜಿನ್ನಿನ ಒಳಗೆ ಹಿಂದಿನ ಚಕ್ರವನ್ನು ತಿರುಗಿಸುವ ಒಂದು ದಪ್ಪ ಶಾಫ್ಟ್ ಇದೆ. ಅದರ ಮೇಲೆ ನಾಲ್ಕು ಗೇರ್ ಗಾಲಿಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ನಾಲ್ಕೂ ಯಾವಾಗಲೂ ತಿರುಗುತ್ತಲೇ ಇರುತ್ತವೆ, ಆದರೆ ಶಾಫ್ಟಿಗೆ ಅಂಟಿಕೊಂಡಿರುವುದಿಲ್ಲ. ಬಳೆ ಕೈಯಲ್ಲಿ ತಿರುಗಿದ ಹಾಗೆ ಸುಮ್ಮನೆ ತಿರುಗುತ್ತವೆ. ಶಾಫ್ಟ್ ಒಳಗೆ ಪೊಳ್ಳು, ಮೈಮೇಲೆ ಉದ್ದನೆಯ ಸೀಳುಗಳು. ಆ ಪೊಳ್ಳಿನಲ್ಲಿ ಒಂದು ಕಡ್ಡಿ ಹಿಂದೆ ಮುಂದೆ ಜಾರುತ್ತದೆ. ಕಡ್ಡಿಯ ತುದಿಗೆ ನಮ್ಮ ಶಿಲುಬೆ. ಅದರ ನಾಲ್ಕು ಕೈಗಳು ಸೀಳುಗಳಿಂದ ಹೊರಗೆ ಚಾಚಿಕೊಂಡಿರುತ್ತವೆ.

ಹಿಡಿ ತಿರುಗಿಸಿದಾಗ ಶಿಲುಬೆ ಜಾರಿ ಯಾವುದಾದರೂ ಒಂದು ಗೇರ್ ಗಾಲಿಯ ಒಳಗೆ ಹೋಗುತ್ತದೆ. ಆ ಗಾಲಿಯ ಒಳಮೈಯಲ್ಲಿ ನಾಲ್ಕು ಕೈಗಳಿಗೆ ತಕ್ಕ ಹಲ್ಲುಗಳಿವೆ. ಕೈಗಳು ಅವಕ್ಕೆ ಸಿಕ್ಕಿದೊಡನೆ ಆ ಗಾಲಿ ಮಾತ್ರ ಶಾಫ್ಟಿಗೆ ಬಿಗಿಯುತ್ತದೆ, ಚಕ್ರ ತಿರುಗುತ್ತದೆ. ಒಂದನೆಯ ಮತ್ತು ಎರಡನೆಯ ಗಾಲಿಯ ನಡುವೆ ಶಿಲುಬೆ ಯಾವುದಕ್ಕೂ ಸಿಗದೆ ನಿಂತರೆ ಅದೇ ನ್ಯೂಟ್ರಲ್. ಸ್ಕೂಟರ್ ಮುಂದೆ ಹೋಗುವ ಬಲವೆಲ್ಲ ಈ ನಾಲ್ಕು ಕೈಗಳ ತುದಿಯ ಮೇಲೆ ಬೀಳುತ್ತದೆ. ಒಟ್ಟು ಅಗಲ ಸುಮಾರು 5 ಸೆಂಟಿಮೀಟರ್ ಇರುವ ತುಂಡಿನ ಮೇಲೆ ಮನೆಮಂದಿಯ ಭಾರ!

ಕೈಗಳ ಮೂಲೆ ಚೂಪಾಗಿದ್ದಷ್ಟು ಕಾಲ ಹಿಡಿತ ಗಟ್ಟಿ. ಮೂಲೆ ಸವೆದು ದುಂಡಾದರೆ, ಭಾರ ಬಿದ್ದಾಗ ಗಾಲಿಯ ಹಲ್ಲು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಶಿಲುಬೆ ಜಾರಿ ಹೊರಗೆ ಬರುತ್ತದೆ. ಇದನ್ನೇ ನಾವು ಗೇರ್ ಹಾರಿತು ಎನ್ನುವುದು. ಹಾರಿದ ಪ್ರತಿ ಸಲವೂ ಮೂಲೆ ಇನ್ನಷ್ಟು ದುಂಡಾಗುತ್ತದೆ. ಆದ್ದರಿಂದ ಈ ಕಾಯಿಲೆ ತಾನಾಗಿ ವಾಸಿಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ದಿಬ್ಬದ ಮೇಲೆ ಹಿಂದೆ ಲಾರಿ ಇರುವಾಗ ಗೇರ್ ಹಾರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಗೇರ್ ಹಾರಿದ ಮಾತ್ರಕ್ಕೆ ಶಿಲುಬೆಯೇ ಸವೆದಿದೆ ಎಂದು ಎಂಜಿನ್ ಬಿಚ್ಚಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹೊರಗಿನ ತಂತಿಗಳು ಸಡಿಲವಾದರೂ ಗೇರ್ ಹಾರುತ್ತದೆ. ಆಗ ಶಿಲುಬೆ ಗಾಲಿಯೊಳಗೆ ಪೂರ್ತಿ ಹೋಗದೆ ಅಂಚಿನಲ್ಲೇ ನಿಂತಿರುತ್ತದೆ. ಗುರುತಿಸುವುದು ಸುಲಭ. ಹಿಡಿಯ ಮೇಲಿನ ಅಂಕಿ ಒಂದು ಹೇಳಿ ಗಾಡಿ ಇನ್ನೊಂದು ಹೇಳಿದರೆ, ಹಿಡಿ ಬಹಳ ದೂರ ಪೊಳ್ಳಾಗಿ ತಿರುಗಿದರೆ, ಮೊದಲು ತಂತಿಗಳನ್ನು ಬಿಗಿ ಮಾಡಿ ನೋಡಬೇಕು. ತಂತಿ ಸರಿಯಾದ ಮೇಲೂ ಅದೇ ಗೇರ್ ಅದೇ ರೀತಿ ಹಾರಿದರೆ ರೋಗ ಒಳಗಿದೆ ಎಂದರ್ಥ. ಕೆಲಸ ಬಲ್ಲ ಮೇಸ್ತ್ರಿ ಈ ಕ್ರಮದಲ್ಲೇ ನೋಡುತ್ತಾನೆ. ಏಕೆಂದರೆ ತಂತಿ ಬಿಗಿಯುವುದು ಹತ್ತು ನಿಮಿಷದ ಕೆಲಸ, ಶಿಲುಬೆ ಬದಲಿಸಲು ಎಂಜಿನ್ನನ್ನೇ ಎರಡು ಹೋಳು ಮಾಡಬೇಕು.

ಮುರಿದ ತುಂಡನ್ನು ನೋಡಿದರೆ ಅದರ ಚರಿತ್ರೆಯೂ ಗೊತ್ತಾಗುತ್ತದೆ. ಮಾವನವರ ತುಂಡಿನಲ್ಲಿ ನಾಲ್ಕೂ ಕೈಗಳ ಒಂದೊಂದು ಮೂಲೆ ಕನ್ನಡಿಯಂತೆ ಹೊಳೆಯುತ್ತಿತ್ತು, ದುಂಡಾಗಿತ್ತು. ಅದು ವರ್ಷಗಳ ಸವೆತ. ಮುರಿದ ಮೈಯಲ್ಲಿ ಅರ್ಧ ಭಾಗ ಕಪ್ಪಾಗಿ ನುಣುಪಾಗಿತ್ತು, ಉಳಿದರ್ಧ ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು. ಕಪ್ಪು ಭಾಗ ಹಳೆಯ ಬಿರುಕು. ಎಣ್ಣೆ ಒಳಹೊಕ್ಕು ಕಪ್ಪಾದದ್ದು. ಹೊಳೆಯುವ ಭಾಗ ಕೊನೆಯ ದಿನ 'ಕಟ್' ಎಂದು ಮುರಿದದ್ದು. ಮೈಯೆಲ್ಲ ಒಂದೇ ರೀತಿ ಹರಳಾಗಿ ಹೊಳೆದಿದ್ದರೆ ಒಂದೇ ಪೆಟ್ಟಿಗೆ ಮುರಿದಿದೆ ಎನ್ನಬಹುದಿತ್ತು. ಇಲ್ಲಿ ಹಾಗಲ್ಲ. ಗೇರ್ ಹಾರುವಾಗಲೆಲ್ಲ ಬಿದ್ದ ಪೆಟ್ಟಿಗೆ ಬಿರುಕು ಹುಟ್ಟಿ, ಬೆಳೆದು, ಕೊನೆಗೆ ಕೈ ಹೋಗಿದೆ. ಮುರಿದ ತುದಿಯನ್ನು ಮೂಲ ತುಂಡಿಗೆ ಜೋಡಿಸಿ ನೋಡುವಂತೆ ಮೇಸ್ತ್ರಿಗೆ ಹೇಳಿಸಿದೆ. ಎರಡೂ ಸರಿಯಾಗಿ ಕೂಡಿದರೆ ಎಲ್ಲ ತುಂಡೂ ಸಿಕ್ಕಿದೆ. ನಡುವೆ ಖಾಲಿ ಉಳಿದರೆ ಇನ್ನೊಂದು ಚೂರು ಎಂಜಿನ್ನಿನಲ್ಲೇ ಇದೆ, ಅದು ಹೊಸ ಗೇರುಗಳ ಹಲ್ಲಿಗೆ ಸಿಕ್ಕಿದರೆ ಎಲ್ಲವನ್ನೂ ಹಾಳು ಮಾಡುತ್ತದೆ. ಇಲ್ಲಿ ಸರಿಯಾಗಿ ಕೂಡಿತು.

ಹೆಸರು ಸಿಕ್ಕಿತು. ಇನ್ನು ಯಾವ ಗಾಡಿಯ ಕ್ರಾಸ್ ಎನ್ನುವುದು. "ಚೇತಕ್‌ದು ಕೊಡ್ರಿ ಅಂದ್ರ ಮುಗೀತಲ್ಲ" ಎಂದರು ಮಾವ. ಮುಗಿಯುವುದಿಲ್ಲ. ಚೇತಕ್ ಎಂಬ ಹೆಸರು 1972ರಿಂದ ಇದೆ. ರಾಣಾ ಪ್ರತಾಪನ ಕುದುರೆಯ ಹೆಸರು. ಬಜಾಜ್ ಕಂಪನಿ ಮೊದಲು ಇಟಲಿಯ ಪಿಯಾಜಿಯೊ ಕಂಪನಿಯ ಪರವಾನಗಿಯಲ್ಲಿ ವೆಸ್ಪಾ ತಯಾರಿಸುತ್ತಿತ್ತು. ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ ಅದೇ ಬಗೆಯ ಗಾಡಿಯನ್ನು ತನ್ನ ಹೆಸರಿನಲ್ಲಿ ಮಾಡತೊಡಗಿತು. ಬಹುಕಾಲ ಬಂದ ಚೇತಕ್ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟು ಸ್ಟ್ರೋಕ್ ಗಾಡಿ. ಕೊನೆಯ ವರ್ಷಗಳಲ್ಲಿ ಅದೇ ಹೆಸರಿನಲ್ಲಿ ಫೋರ್ ಸ್ಟ್ರೋಕ್ ಗಾಡಿಯೂ ಬಂತು. 2020ರಿಂದ ಮಾರುತ್ತಿರುವ ಚೇತಕ್ ಬ್ಯಾಟರಿಯದು. ಅದರಲ್ಲಿ ಬದಲಿಸುವ ಗೇರೇ ಇಲ್ಲ. ಇವಲ್ಲದೆ ನಮ್ಮ ಭಾಗದಲ್ಲಿ ಬಜಾಜ್ ಸೂಪರ್, ಸಾತಾರದಲ್ಲಿ ತಯಾರಾಗುತ್ತಿದ್ದ ಪ್ರಿಯಾ, ಕಾನಪುರದ ಎಲ್‌ಎಂಎಲ್ ವೆಸ್ಪಾ ಇವೆಲ್ಲ ಓಡಿವೆ. ಎಲ್ಲವೂ ಒಂದೇ ಇಟಲಿಯ ಮನೆತನದ ಮಕ್ಕಳು. ಅಣ್ಣತಮ್ಮಂದಿರ ಅಂಗಿ ನೋಡಲು ಒಂದೇ ಆದರೂ ಹಾಕಿಕೊಂಡಾಗ ಗೊತ್ತಾಗುವ ಹಾಗೆ, ಇವುಗಳ ಬಿಡಿಭಾಗಗಳೂ ಕೆಲವು ಒಂದಕ್ಕೊಂದು ಆಗುತ್ತವೆ, ಕೆಲವು ಆಗುವುದಿಲ್ಲ.

ಇನ್ನೊಂದು ತೊಡಕಿದೆ. ಹಳೆಯ ಗಾಡಿಗಳಿಗೆ ಎಂಜಿನ್ ಬದಲಾಗಿರುವುದುಂಟು. ಮೈ ಒಂದು ಗಾಡಿಯದು, ಎಂಜಿನ್ ಇನ್ನೊಂದರದು. ಶಿಲುಬೆ ಇರುವುದು ಎಂಜಿನ್ನಿನಲ್ಲಿ. ಆದ್ದರಿಂದ ಮುಂದಿನ ಹೆಸರಿನ ಪಟ್ಟಿ ನೋಡಿ ಬಿಡಿಭಾಗ ಕೊಳ್ಳಬಾರದು. ಎಂಜಿನ್ನಿನ ಮೈಮೇಲೆ ಕೊರೆದಿರುವ ನಂಬರನ್ನು ಚೆನ್ನಾಗಿ ಒರೆಸಿ ಓದಿ, ಆರ್.ಸಿ. ಪುಸ್ತಕದಲ್ಲಿ ಬರೆದಿರುವ ಎಂಜಿನ್ ನಂಬರಿಗೆ ಹೋಲಿಸಬೇಕು. ಎರಡೂ ಒಂದೇ ಆದರೆ ಗಾಡಿಯ ಮಾದರಿ ಮತ್ತು ವರ್ಷವನ್ನು ನಂಬಬಹುದು. ಬೇರೆಯಾದರೆ ಅಳತೆಯೊಂದೇ ಗತಿ. ಮಾವನವರ ಗಾಡಿಯಲ್ಲಿ ಎರಡೂ ಒಂದೇ ಬಂತು. ಟು ಸ್ಟ್ರೋಕ್ ಚೇತಕ್, ಹುಟ್ಟಿದ ಎಂಜಿನ್ನೇ.

ಆದರೂ ಅಳತೆ ತೆಗೆಸಿದೆ. ಒಂದು ಕೈ ಮುರಿದಿದ್ದರೂ ಅಡ್ಡಡ್ಡ ಎರಡು ಜೋಡಿ ಇರುತ್ತವಲ್ಲ, ಮುರಿಯದ ಜೋಡಿಯ ತುದಿಯಿಂದ ತುದಿಗೆ ಅಳೆದರೆ ಸಾಕು. ಸ್ಕೇಲಿನಲ್ಲಿ ಇದು ಸರಿ ಹೋಗುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಬೇಕು. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಇರುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲಿ ದೊಡ್ಡದು. ದೊಡ್ಡದಾದರೆ ಶಿಲುಬೆ ಗಾಲಿಯೊಳಗೆ ಜಾರುವುದಿಲ್ಲ, ಚಿಕ್ಕದಾದರೆ ಹಿಡಿತ ಸಾಲದೆ ಮತ್ತೆ ಹಾರುತ್ತದೆ. ಎರಡನೆಯ ಅಳತೆ ಕೈಯ ದಪ್ಪ. ಮೂರನೆಯದು ನಡುವಿನ ತೂತು. ನಾಲ್ಕನೆಯದು ಅಳತೆಯಲ್ಲ, ಆಕಾರ: ಕ್ರಾಸ್ ಚಪ್ಪಟೆಯೋ, ಸ್ವಲ್ಪ ಬಾಗಿದೆಯೋ ಎನ್ನುವುದು. ಈ ಕುಲದ ಗಾಡಿಗಳಲ್ಲಿ ಎರಡು ಬಗೆಯೂ ಇವೆ.

ಈ ನಾಲ್ಕನೆಯದೇ ನಮಗೆ ಉಪಯೋಗಕ್ಕೆ ಬಂತು. ಮಾವನವರು ಮುರಿದ ತುಂಡು ಹಿಡಿದುಕೊಂಡು ವಿಜಯಪುರಕ್ಕೆ ಬಂದರು. ಹಳೆಯ ಸ್ಕೂಟರ್ ಸಾಮಾನಿಡುವ ಒಂದು ಅಂಗಡಿಗೆ ಇಬ್ಬರೂ ಹೋದೆವು. "ಗೇರ್ ಕ್ರಾಸ್, ಟು ಸ್ಟ್ರೋಕ್ ಚೇತಕ್" ಎಂದೊಡನೆ ಒಂದು ನಿಮಿಷದಲ್ಲಿ ಪ್ಯಾಕೆಟ್ ಬಂತು. ಮಾವನವರು ಹಣ ತೆಗೆಯುತ್ತಿದ್ದರು. ನಾನು, "ಸ್ವಲ್ಪ ತಡೀರಿ ಮಾವಾ" ಎಂದು ಗಾಜಿನ ಕೌಂಟರ್ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟೆ. ಹಳೆಯದು ಗಾಜಿಗೆ ಅಂಟಿ ಮಲಗಿತು. ಹೊಸದರ ನಾಲ್ಕು ತುದಿಗಳು ಗಾಜಿನಿಂದ ಸ್ವಲ್ಪ ಮೇಲೆದ್ದಿದ್ದವು, ಒಂದು ಕಾಗದ ಅಡಿಯಲ್ಲಿ ಸಲೀಸಾಗಿ ತೂರಿತು. ಅಗಲ ಒಂದೇ, ತೂತು ಒಂದೇ, ಆದರೆ ಇದು ಬಾಗಿದ ಬಗೆ. ಬಾಗಿದ್ದನ್ನು ಚಪ್ಪಟೆಯ ಜಾಗಕ್ಕೆ ಹಾಕಿದರೆ ಕೈಗಳು ಗಾಲಿಯ ಹಲ್ಲಿಗೆ ಸರಿಯಾದ ಜಾಗದಲ್ಲಿ ಸಿಗುವುದಿಲ್ಲ. ಒಂದು ಗೇರ್ ಸರಿಯಾಗಿ ಬಿದ್ದರೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ. ಅಂಗಡಿಯವರು ಬೇಸರಿಸದೆ ಇನ್ನೆರಡು ಪ್ಯಾಕೆಟ್ ತಂದರು. ಮೂರನೆಯದು ಹೊಂದಿತು.

ಹೊಂದಿದ ಮೇಲೂ ಒಂದು ಪರೀಕ್ಷೆ ಉಳಿದಿತ್ತು. ಗೇರ್ ಇರುವ ಈ ಸ್ಕೂಟರುಗಳನ್ನು ಕಂಪನಿ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಈಗ ಸಿಗುವ ಬಿಡಿಭಾಗಗಳಲ್ಲಿ ಸಣ್ಣ ಪುಟ್ಟ ಕಾರ್ಖಾನೆಗಳಲ್ಲಿ ಮಾಡಿದವೂ ಇರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಮೆತ್ತಗಿನವೂ ಇವೆ. ಕ್ರಾಸಿನ ಮೈ ಗಡುಸಾಗಿರಬೇಕು. ಕೆಲಸಕ್ಕೆ ಬಾರದ ಒಂದು ಅಂಚಿನ ಮೇಲೆ ಚಿಕ್ಕ ಅರವನ್ನು ಹಗುರವಾಗಿ ಎಳೆದು ನೋಡಬೇಕು. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡುಸು ಸರಿಯಿದೆ. ಕಚ್ಚಿ ಪುಡಿ ಬಿದ್ದರೆ ಅದು ಮೆತ್ತಗಿನ ಕಬ್ಬಿಣ, ಕೆಲವೇ ತಿಂಗಳಲ್ಲಿ ಮತ್ತೆ ದುಂಡಾಗುತ್ತದೆ. ಅಂಗಡಿಯವರ ಅನುಮತಿ ಕೇಳಿಯೇ ಇದನ್ನು ಮಾಡಬೇಕು. ನಮ್ಮದು ಜಾರಿತು.

ಶಿಲುಬೆಯ ಬೆಲೆ ಕಡಿಮೆಯೇ. ಅದನ್ನು ಹಾಕುವ ಕೂಲಿ ಹಲವು ಪಟ್ಟು. ಎಂಜಿನ್ ಇಳಿಸಬೇಕು, ಹಿಂದಿನ ಚಕ್ರ, ಮ್ಯಾಗ್ನೆಟ್, ಕ್ಲಚ್ ಬಿಚ್ಚಬೇಕು, ಆಮೇಲೆ ಹೋಳು ಮಾಡಬೇಕು. ಆದ್ದರಿಂದ ಒಂದು ಸಲ ಬಿಚ್ಚಿದಾಗ ಅದರ ಜೊತೆಯ ಸಣ್ಣ ವಸ್ತುಗಳನ್ನೂ ಬದಲಿಸಿಬಿಡುವುದು ಲಾಭ. ಎರಡು ಹೋಳಿನ ನಡುವಿನ ಪ್ಯಾಕಿಂಗ್, ಆಯಿಲ್ ಸೀಲ್‌ಗಳು, ಕಿಕ್ ಹೊಡೆದಾಗ ಪೆಟ್ಟು ತಡೆಯುವ ರಬ್ಬರ್‌ಗಳು, ಇವನ್ನೂ ಅದೇ ಅಂಗಡಿಯಲ್ಲಿ ಕೊಂಡೆವು. ಬೇರಿಂಗ್‌ಗಳನ್ನು ಕೈಯಲ್ಲಿ ತಿರುಗಿಸಿ, ಕರಕರ ಎಂದರೆ ಮಾತ್ರ ಬದಲಿಸಲು ಮೇಸ್ತ್ರಿಗೆ ಹೇಳಿ ಕಳಿಸಿದೆ.

ಇನ್ನೂ ಎರಡು ಮಾತನ್ನು ಕಾಗದದ ಮೇಲೆ ಮರಾಠಿಯಲ್ಲೇ ಬರೆದು ಕೊಟ್ಟೆ. ಮೊದಲನೆಯದು, ಹೊಸ ಶಿಲುಬೆ ಹಾಕುವ ಮುಂಚೆ ನಾಲ್ಕೂ ಗೇರ್ ಗಾಲಿಗಳ ಒಳಹಲ್ಲನ್ನು ನೋಡಬೇಕು. ಎರಡನೇ ಗಾಲಿಯ ಹಲ್ಲೂ ದುಂಡಾಗಿದ್ದರೆ ಹೊಸ ಶಿಲುಬೆ ಹಾಕಿ ಪ್ರಯೋಜನವಿಲ್ಲ, ಆ ಗಾಲಿಯನ್ನೂ ಬದಲಿಸಬೇಕು. ಹೊಸ ಶಿಲುಬೆಯನ್ನು ಮೇಜಿನ ಮೇಲೆಯೇ ಒಂದೊಂದು ಗಾಲಿಯೊಳಗೂ ಕೈಯಿಂದ ಇಳಿಸಿ ನೋಡಬೇಕು. ಸರಾಗವಾಗಿ ಇಳಿಯಬೇಕು, ಆದರೆ ಅಲುಗಾಡಬಾರದು. ಎರಡನೆಯದು, ನಾಲ್ಕು ಗಾಲಿಗಳು ಶಾಫ್ಟಿನ ಮೇಲೆ ಅಕ್ಕಪಕ್ಕಕ್ಕೆ ಎಷ್ಟು ಅಲುಗುತ್ತವೆ ಎಂದು ಫೀಲರ್ ಗೇಜ್ ತೂರಿಸಿ ನೋಡಬೇಕು. ವೆಸ್ಪಾ ಬಗೆಯ ಈ ಎಂಜಿನ್‌ಗಳಲ್ಲಿ ಆ ಸಂದು 0.15ರಿಂದ 0.40 ಮಿಲಿಮೀಟರ್ ಒಳಗಿರಬೇಕು. ಹೆಚ್ಚಿದ್ದರೆ ದಪ್ಪನೆಯ ವಾಷರ್ ಹಾಕಿ ಸರಿ ಮಾಡಬೇಕು. ಸಂದು ಜಾಸ್ತಿ ಇದ್ದರೆ ಗಾಲಿಯೇ ಪಕ್ಕಕ್ಕೆ ಸರಿದು ಶಿಲುಬೆಯಿಂದ ಜಾರಿಕೊಳ್ಳುತ್ತದೆ. ಶಿಲುಬೆ ಬದಲಿಸಿದ ಮೇಲೂ ಕೆಲವರ ಗಾಡಿಯಲ್ಲಿ ಗೇರ್ ಹಾರುವುದಕ್ಕೆ ಬಹಳ ಸಲ ಇದೇ ಕಾರಣ.

ಮೇಸ್ತ್ರಿ ನೋಡಿ ಫೋನ್ ಮಾಡಿಸಿದ. ಎರಡನೇ ಗಾಲಿಯ ಹಲ್ಲಿನ ಮೂಲೆ ಸ್ವಲ್ಪ ಸವೆದಿದೆ, ಒಂದನೆಯದು, ಮೂರನೆಯದು, ನಾಲ್ಕನೆಯದು ಸರಿ ಇವೆ ಎಂದ. ಸಂದು ಹೆಚ್ಚಿತ್ತು, ವಾಷರ್ ಬದಲಿಸಬೇಕಾಯಿತು. ಎರಡನೇ ಗಾಲಿಯ ವಿಷಯದಲ್ಲಿ ಮಾವನವರು ಯೋಚನೆಗೆ ಬಿದ್ದರು. ಹೊಸದು ಆ ವಾರ ಎಲ್ಲೂ ಸಿಗಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಹಳೆಯ ಗಾಡಿ ಬಿಚ್ಚಿ ಮಾರುವವರ ಹತ್ತಿರ ಮೀರಜ್ ಕಡೆ ಒಂದು ಸಿಕ್ಕೀತು ಎಂದು ಮೇಸ್ತ್ರಿ ಹೇಳಿದ. ಮಾವ ಮುರಿದ ಶಿಲುಬೆಯನ್ನೂ ಸವೆದ ಗಾಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ಈ ಸಲ ಯಾರ ಸಹಾಯವೂ ಬೇಕಾಗಲಿಲ್ಲ. ಹಲ್ಲು ಎಣಿಸಿ, ಶಿಲುಬೆಯನ್ನು ಒಳಗೆ ಇಳಿಸಿ ನೋಡಿ, ಮೂಲೆ ಚೂಪಾಗಿರುವ ಒಂದು ಗಾಲಿಯನ್ನು ಅವರೇ ಆರಿಸಿ ತಂದರು. ಹೊರಗಿನ ಹಲ್ಲಿನ ಸಂಖ್ಯೆ ಒಂದೇ ಇರಬೇಕೆಂಬುದನ್ನು ಮಾತ್ರ ನಾನು ಫೋನಿನಲ್ಲಿ ನೆನಪಿಸಿದ್ದೆ. ಒಂದು ಹಲ್ಲು ಹೆಚ್ಚು ಕಡಿಮೆಯಾದರೂ ಜೊತೆಯ ಗೇರಿಗೆ ಕೂಡುವುದಿಲ್ಲ.

ಎಂಜಿನ್ ಮುಚ್ಚುವ ಮೊದಲು ಮೇಸ್ತ್ರಿ ಕೈಯಿಂದಲೇ ನಾಲ್ಕೂ ಗೇರ್ ಹಾಕಿ ತೋರಿಸಿದನಂತೆ. ಮುಚ್ಚಿದ ಮೇಲೆ ಕಾಲು ಲೀಟರಿನಷ್ಟು ಹೊಸ ಗೇರ್ ಆಯಿಲ್ ಹಾಕಿ, ಎರಡೂ ತಂತಿಗಳನ್ನು ಹೊಸದಾಗಿ ಹಾಕಿಸಿದರು. ಹಳೆಯ ತಂತಿ ಹಿಗ್ಗಿ ಸಡಿಲವಾಗಿದ್ದುದೇ ಶಿಲುಬೆಯ ಮೂಲೆಯನ್ನು ತಿಂದ ಮೊದಲ ಕಾರಣವಿರಬೇಕು. ಸಡಿಲ ತಂತಿಯಿಂದ ಅರ್ಧಕ್ಕೆ ನಿಂತ ಶಿಲುಬೆ ಇಡೀ ಭಾರವನ್ನು ತುದಿಯ ಅಂಚಿನಲ್ಲೇ ಹೊರುತ್ತದೆ. ತಂತಿ ಬದಲಿಸದೆ ಶಿಲುಬೆ ಮಾತ್ರ ಬದಲಿಸಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತಿತ್ತು. ಕೆಲವು ದಿನ ಓಡಿಸಿದ ಮೇಲೆ ಎಣ್ಣೆಯನ್ನು ಒಮ್ಮೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತ ಆಡಿಸಿ ನೋಡಲು ಹೇಳಿದ್ದೆ. ನುಣ್ಣನೆಯ ಬೂದಿಯಂಥ ಪುಡಿ ಇದ್ದರೆ ಹೆದರಬೇಕಿಲ್ಲ. ಕೈಗೆ ಚುಚ್ಚುವ ಚೂರು ಸಿಕ್ಕಿದರೆ ಗಾಡಿ ನಿಲ್ಲಿಸಬೇಕು. ಮಾವನವರ ಬಟ್ಟೆಯಲ್ಲಿ ಪುಡಿಯಷ್ಟೇ ಇತ್ತು.

ಅಕ್ಕನ ಮಗಳು ಎಲ್ಲ ಪರೀಕ್ಷೆಗೂ ಅದೇ ಸ್ಕೂಟರಿನ ಹಿಂದೆ ಕೂತು ಹೋಗಿ ಬಂದಳು. "ಮಾಮಾ, ದಿಬ್ಬದ ಮ್ಯಾಲ ಅಪ್ಪ ಈಗ ಎರಡನೇ ಗೇರಿನಾಗ ಹಾಡ ಹೇಳಕೋತ ಹೊಂಟಾರ" ಎಂದು ಫೋನಿನಲ್ಲಿ ನಕ್ಕಳು.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಗಾಡಿ ಇದ್ದರೆ, ಒಂದು ಪುಟದಲ್ಲಿ ಅದರ ಎಂಜಿನ್ ನಂಬರು, ಚಾಸಿ ನಂಬರು, ತಯಾರಾದ ವರ್ಷ, ಟು ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬುದನ್ನು ಬರೆದು ಆರ್.ಸಿ. ಪುಸ್ತಕದ ಜೊತೆ ಇಡಿ. ಮುರಿದು ಬಂದ ತುಂಡುಗಳನ್ನು ಗುಜರಿಗೆ ಹಾಕಬೇಡಿ. ಮಾವನವರ ಮನೆಯಲ್ಲಿ ಈಗ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಆ ಮುರಿದ ಶಿಲುಬೆ ಇದೆ. ಅದಕ್ಕೆ ಒಂದು ಚೀಟಿ ಕಟ್ಟಿದೆ. ಅಕ್ಕನ ಮಗಳ ಅಕ್ಷರ: 'ಗೇರ್ ಕ್ರಾಸ್, ಚಪ್ಪಟೆ, ಟು ಸ್ಟ್ರೋಕ್ ಚೇತಕ್'. ಅದರ ಕೆಳಗೆ ಮರಾಠಿಯಲ್ಲಿ 'ಫುಲೀ' ಎಂದೂ ಬರೆದಿದ್ದಾಳೆ. ಅಳತೆಯನ್ನು ಹಿಂಬದಿಯಲ್ಲಿ ಬರೆದಿದ್ದಾಳೆ.